ಹಸುವಿನ ಮೈಗೆ ನೀರು, ಆ ನೀರಿಗೆ ಗಾಳಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಕೊಟ್ಟಿಗೆಗೆ ಹೋಗಿದ್ದೆ. ಮೂರು ಕಡೆ ಹಾಲೋ ಬ್ಲಾಕ್ ಗೋಡೆ, ಮೇಲೆ ಕೈಗೆಟುಕುವಷ್ಟು ತಗ್ಗಿನಲ್ಲಿ ತಗಡಿನ ಶೀಟು, ಒಳಗೆ ನಾಲ್ಕು ಸೀಮೆಹಸು. ನೆಲವೆಲ್ಲ ಒದ್ದೆ. ಹಸುಗಳ ಮೈಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಆದರೂ ನಾಲ್ಕೂ ಬಾಯಿ ತೆರೆದು, ಕುತ್ತಿಗೆ ಚಾಚಿ, ಜೊಲ್ಲು ಸುರಿಸುತ್ತ ಏದುಸಿರು ಬಿಡುತ್ತಿದ್ದವು. ಒಂದೂ ಮಲಗಿರಲಿಲ್ಲ, ಒಂದೂ ಮೆಲುಕು ಹಾಕುತ್ತಿರಲಿಲ್ಲ.

"ಬೆಳಗ್ಗೆಯಿಂದ ನೀರ್ ಹುಯ್ತಾನೇ ಇವ್ನಿ ಸಾ. ಹುಯ್ದಷ್ಟೂ ಜಾಸ್ತಿ ಆಯ್ತದೆ" ಎಂದರು ಮನೆಯ ಹಿರಿಯಾಕೆ. ಆಕೆಯ ಮಾತನ್ನು ಅಲ್ಲಿದ್ದ ಯಾರೂ ನಂಬಿರಲಿಲ್ಲ. ನೀರು ಹಾಕಿದರೆ ಸೆಕೆ ಹೆಚ್ಚುವುದುಂಟೇ ಎಂದು ಮಗನೇ ನಕ್ಕಿದ್ದ. ಆದರೆ ಆಕೆ ಕಂಡಿದ್ದು ನಿಜವಾಗಿತ್ತು.

ನನ್ನ ಚೀಲದಲ್ಲಿ ಅಂಗೈಯಗಲದ ಒಂದು ಮಾಪಕ ಸದಾ ಇರುತ್ತದೆ. ತಾಪಮಾನವನ್ನೂ ಗಾಳಿಯ ತೇವಾಂಶವನ್ನೂ ಒಟ್ಟಿಗೆ ತೋರಿಸುವ ಸಾಧಾರಣ ಸಾಧನ ಅದು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಅದನ್ನು ಅಂಗಳದ ನೆರಳಿನಲ್ಲಿ ಹಿಡಿದೆ: 36 ಡಿಗ್ರಿ ಸೆಲ್ಸಿಯಸ್, ತೇವಾಂಶ 35 ಶೇಕಡ. ಆಮೇಲೆ ಕೊಟ್ಟಿಗೆಯೊಳಗೆ ಹಸುವಿನ ಮೂತಿಯ ಎತ್ತರಕ್ಕೆ ತೂಗುಹಾಕಿ ಹತ್ತು ನಿಮಿಷ ಕಾದೆ: 35 ಡಿಗ್ರಿ, ತೇವಾಂಶ 60 ಶೇಕಡ. ತಾಪಮಾನ ಒಂದು ಡಿಗ್ರಿ ಇಳಿದಿತ್ತು. ಮಗ ಹೇಳಿದ್ದೂ ಸುಳ್ಳಲ್ಲ. ಆದರೆ ಹಸುವಿನ ಪಾಲಿಗೆ ಒಳಗಿನ ಗಾಳಿ ಹೊರಗಿಗಿಂತ ಕೆಟ್ಟದಾಗಿತ್ತು. ಹೇಗೆಂದು ಅರ್ಥವಾಗಬೇಕಾದರೆ ಹಸು ತನ್ನ ಮೈಯ ಬಿಸಿಯನ್ನು ಎಲ್ಲಿಗೆ ಹಾಕುತ್ತದೆ ಎಂಬುದನ್ನು ನೋಡಬೇಕು.

ಹಸುವಿನ ಹೊಟ್ಟೆಯೇ ಒಂದು ಒಲೆ. ತಿಂದ ಮೇವು ದೊಡ್ಡ ಹೊಟ್ಟೆಯಲ್ಲಿ ಹುದುಗಿ ಕರಗುವಾಗ ಶಾಖ ಹುಟ್ಟುತ್ತದೆ. ಹಾಲು ತಯಾರಾಗುವಾಗ ಇನ್ನಷ್ಟು ಹುಟ್ಟುತ್ತದೆ. ದಿನಕ್ಕೆ 15 ಲೀಟರ್ ಕೊಡುವ ಸೀಮೆಹಸುವೊಂದು ಹಗಲೂ ರಾತ್ರಿ ಸರಿಸುಮಾರು ಒಂದು ಕಿಲೋವ್ಯಾಟ್ ಶಾಖ ಹೊರಹಾಕಬೇಕು. ಕೊಟ್ಟಿಗೆಯಲ್ಲಿ ನಾಲ್ಕು ಹಸು ಕಟ್ಟಿದ್ದೀರಿ ಎಂದರೆ ನಾಲ್ಕು ಇಸ್ತ್ರಿಪೆಟ್ಟಿಗೆ ಆರಿಸದೆ ಇಟ್ಟ ಹಾಗೆ. ಹಾಲು ಹೆಚ್ಚಿದಷ್ಟೂ ಒಲೆ ಜೋರು. ಸೆಕೆಗೆ ಮೊದಲು ಬೀಳುವುದು ಮನೆಯ ಅತ್ಯುತ್ತಮ ಹಸುವೇ ಆಗಿರುವುದು ಇದೇ ಕಾರಣಕ್ಕೆ.

ಚಳಿಗಾಲದಲ್ಲಿ ಈ ಶಾಖ ತಾನಾಗಿ ಗಾಳಿಗೆ ಹರಿದುಹೋಗುತ್ತದೆ. ಹಸುವಿನ ಮೈ 38.5 ಡಿಗ್ರಿ, ಸುತ್ತಲಿನ ಗಾಳಿ 20 ಡಿಗ್ರಿ ಇದ್ದರೆ ಬಿಸಿ ಹೊರಗೆ ಹೋಗಲು ಅಡ್ಡಿಯಿಲ್ಲ. ಗಾಳಿಯೇ 36 ಡಿಗ್ರಿಯಾದಾಗ ಆ ದಾರಿ ಹೆಚ್ಚುಕಡಿಮೆ ಮುಚ್ಚುತ್ತದೆ. ಆಗ ಉಳಿಯುವುದು ಆವಿಯ ದಾರಿ ಒಂದೇ: ಚರ್ಮದ ಬೆವರು, ಉಸಿರಿನ ತೇವ. ನೀರು ಆವಿಯಾಗಲು ಬಹಳ ಶಾಖ ಬೇಕು, ಆ ಶಾಖವನ್ನು ಅದು ಮೈಯಿಂದಲೇ ಎಳೆದುಕೊಳ್ಳುತ್ತದೆ. ಆದರೆ ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ನೀರು ಆವಿಯಾಗುವುದಿಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗದ ಹಾಗೆ ಹಸುವಿನ ಮೈಯೂ ಒಣಗುವುದಿಲ್ಲ. ಮೈ ಒಣಗಲಿಲ್ಲ ಎಂದರೆ ತಣಿಯಲಿಲ್ಲ ಎಂದೇ ಅರ್ಥ.

ಹಾಗಾಗಿ ಬರಿಯ ಥರ್ಮಾಮೀಟರ್ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ತಾಪಮಾನ ಮತ್ತು ತೇವಾಂಶ ಎರಡನ್ನೂ ಒಂದೇ ಸಂಖ್ಯೆಯಲ್ಲಿ ಹೇಳುವ ಲೆಕ್ಕಕ್ಕೆ ಉಷ್ಣ ತೇವಾಂಶ ಸೂಚ್ಯಂಕ ಎಂದು ಹೆಸರು. ಪಶುವೈದ್ಯರ ಬಾಯಲ್ಲಿ ಅದು ಟಿಎಚ್‌ಐ. 1959ರಲ್ಲಿ ಅಮೆರಿಕದ ಹವಾಮಾನ ಇಲಾಖೆಯ ಅರ್ಲ್ ಥಾಮ್ ಇಂಥದೊಂದು ಲೆಕ್ಕ ಹಾಕಿದ್ದು ಮನುಷ್ಯರ ಸೆಕೆ ಅಳೆಯಲು. ಕೆಲವೇ ವರ್ಷಗಳಲ್ಲಿ ಮಿಸೌರಿ ವಿಶ್ವವಿದ್ಯಾಲಯದವರು ಅದನ್ನು ಹಸುವಿನ ಹಾಲಿನ ಇಳಿಕೆಗೆ ಜೋಡಿಸಿದರು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಸೂತ್ರಗಳಲ್ಲಿ ಒಂದು ಹೀಗಿದೆ. ಇದರಲ್ಲಿ T ಎಂದರೆ ಸೆಲ್ಸಿಯಸ್ ತಾಪಮಾನ, RH ಎಂದರೆ ತೇವಾಂಶದ ಶೇಕಡ:

```
THI = (1.8*T + 32) - (0.55 - 0.0055*RH) * (1.8*T - 26.8)
```

ಸೂತ್ರ ನೋಡಿ ಹೆದರಬೇಕಾಗಿಲ್ಲ. ಆ ಕೊಟ್ಟಿಗೆಯ ಅಂಕಿಗಳನ್ನೇ ಹಾಕಿ ನೋಡೋಣ. ಒಳಗೆ 35 ಡಿಗ್ರಿ. ಅದನ್ನು 1.8ರಿಂದ ಗುಣಿಸಿದರೆ 63. ಮೊದಲ ಆವರಣಕ್ಕೆ 32 ಕೂಡಿಸಿದರೆ 95. ತೇವಾಂಶ 60, ಅದನ್ನು 0.0055ರಿಂದ ಗುಣಿಸಿದರೆ 0.33. ಅದನ್ನು 0.55ರಿಂದ ಕಳೆದರೆ 0.22. ಕೊನೆಯ ಆವರಣದಲ್ಲಿ 63ರಿಂದ 26.8 ಕಳೆದರೆ 36.2. ಈ ಎರಡನ್ನೂ ಗುಣಿಸಿದರೆ ಸುಮಾರು 8. 95ರಿಂದ 8 ಹೋದರೆ 87. ಹೊರಗಿನ 36 ಡಿಗ್ರಿ, 35 ಶೇಕಡಕ್ಕೆ ಇದೇ ಲೆಕ್ಕ ಹಾಕಿದರೆ ಬರುವುದು 83. ಒಳಗೆ ಒಂದು ಡಿಗ್ರಿ ತಂಪು, ಆದರೆ ಸೂಚ್ಯಂಕ ನಾಲ್ಕು ಹೆಚ್ಚು. ಹಿರಿಯಾಕೆ ಬರಿಗಣ್ಣಲ್ಲಿ ಕಂಡಿದ್ದನ್ನು ಸೂತ್ರ ಅಂಕಿಯಲ್ಲಿ ಹೇಳಿತು. ಮೂರು ಗೋಡೆಗಳ ನಡುವೆ ಸುರಿದ ನೀರು ಅರ್ಧಂಬರ್ಧ ಆವಿಯಾಗಿ, ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತು, ಹಸುವಿಗೆ ಉಳಿದಿದ್ದ ಒಂದೇ ದಾರಿಯನ್ನೂ ಮುಚ್ಚಿತ್ತು.

ಸೂಚ್ಯಂಕ 72 ದಾಟಿದರೆ ಹಾಲಿನ ಹಸುವಿಗೆ ತೊಂದರೆ ಶುರು ಎಂಬುದು ಹಳೆಯ ಮಾತು. ಆ ಗಡಿ ಹುಟ್ಟಿದ್ದು ದಿನಕ್ಕೆ 15 ಲೀಟರಿನ ಆಸುಪಾಸಿನ ಹಸುಗಳಿಂದ. 2009ರ ಹೊತ್ತಿಗೆ ಅಮೆರಿಕದ ಅರಿಜೋನ ವಿಶ್ವವಿದ್ಯಾಲಯದವರು 35 ಲೀಟರಿಗೂ ಮೇಲೆ ಕೊಡುವ ಹಸುಗಳಲ್ಲಿ ಆ ಗಡಿ 68ಕ್ಕೇ ಬರುತ್ತದೆ ಎಂದು ತೋರಿಸಿದರು. ನಮ್ಮ ಹಳ್ಳಿಗಳ ಸೀಮೆಹಸುವಿಗೆ 72 ಒಪ್ಪುವ ಸಂಖ್ಯೆ. ಎಂಬತ್ತು ದಾಟಿದರೆ ತೊಂದರೆ ಎದ್ದುಕಾಣುತ್ತದೆ, ತೊಂಬತ್ತರ ಹತ್ತಿರ ಪ್ರಾಣಕ್ಕೇ ಅಪಾಯ. 72 ಎಂದರೆ ಎಷ್ಟು ಸೆಕೆ ಎಂದು ಕೇಳುತ್ತೀರಾ? 25 ಡಿಗ್ರಿ ತಾಪಮಾನ, 50 ಶೇಕಡ ತೇವಾಂಶ. ನಮಗೆ ಹಿತವಾದ ಹವೆ ಅದು. ಮನುಷ್ಯನಿಗೆ ಬೆವರುವ ಮುಂಚೆಯೇ ಸೀಮೆಹಸುವಿಗೆ ಸೆಕೆಯಾಗಿರುತ್ತದೆ ಎನ್ನುವುದನ್ನು ಹಾಲು ಕರೆಯುವ ಪ್ರತಿಯೊಬ್ಬರೂ ತಿಳಿದಿರಬೇಕು.

ಇದೇ ಲೆಕ್ಕ ಕರ್ನಾಟಕದ ಎರಡು ಮೂಲೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತದೆ. ಕಲಬುರಗಿಯ ಕಡು ಬೇಸಿಗೆಯ ಮಧ್ಯಾಹ್ನ 41 ಡಿಗ್ರಿ, ತೇವಾಂಶ 20 ಶೇಕಡ ಇದ್ದರೆ ಸೂಚ್ಯಂಕ 85. ಮಂಗಳೂರಿನಲ್ಲಿ 33 ಡಿಗ್ರಿ, 70 ಶೇಕಡ ಇದ್ದರೆ 86. ಎಂಟು ಡಿಗ್ರಿ ಕಡಿಮೆಯಿದ್ದೂ ಕರಾವಳಿಯ ಹಟ್ಟಿಯಲ್ಲಿ ಹಸುವಿನ ಸಂಕಟ ಒಂದು ಗುಲಗಂಜಿ ಹೆಚ್ಚೇ. ರಾತ್ರಿ ವ್ಯತ್ಯಾಸ ಇನ್ನೂ ದೊಡ್ಡದು. ಎರಡೂ ಕಡೆ ತಾಪಮಾನ 27ಕ್ಕೆ ಇಳಿಯಿತು ಎನ್ನಿ. ಒಣಹವೆಯ ಬಯಲುಸೀಮೆಯಲ್ಲಿ ತೇವಾಂಶ 35 ಇದ್ದರೆ ಸೂಚ್ಯಂಕ 73ಕ್ಕೆ ಬರುತ್ತದೆ, ಹಸು ಹಗಲಿನ ಬಿಸಿಯನ್ನು ಇಳಿಸಿಕೊಂಡು ಬೆಳಗಿನ ಹೊತ್ತಿಗೆ ಚೇತರಿಸಿಕೊಳ್ಳುತ್ತದೆ. ಕರಾವಳಿಯಲ್ಲಿ ತೇವಾಂಶ 88 ಇದ್ದರೆ 79ರಲ್ಲೇ ನಿಲ್ಲುತ್ತದೆ. ಅಲ್ಲಿನ ಹಸುವಿಗೆ ರಾತ್ರಿಯೂ ಬಿಡುವಿಲ್ಲ, ನಿನ್ನೆಯ ಬಿಸಿಯ ಮೇಲೆ ಇಂದಿನ ಬಿಸಿ ಸೇರುತ್ತದೆ.

ಈ ಸಂಖ್ಯೆಗೂ ಕಾಣದ್ದು ಎರಡಿದೆ: ಗಾಳಿಯ ವೇಗ ಮತ್ತು ಬಿಸಿಲ ಝಳ. ಫ್ಯಾನು ತಿರುಗುತ್ತಿದ್ದರೂ ನಿಂತಿದ್ದರೂ ಮಾಪಕ ಅದೇ ಅಂಕಿ ತೋರಿಸುತ್ತದೆ. ಕಾದ ತಗಡು ಮೇಲಿನಿಂದ ಬೆನ್ನಿಗೆ ಎರಚುವ ಶಾಖವೂ ಅದರ ಲೆಕ್ಕಕ್ಕಿಲ್ಲ. ಅದಕ್ಕಾಗಿ ಮಾಪಕವನ್ನು ನೋಡಿದ ಮೇಲೆ ಹಸುವನ್ನೂ ಕೇಳಬೇಕು. ಕೇಳುವುದು ಸುಲಭ. ಹಸು ನಿಂತಿರುವಾಗ ಅಥವಾ ಮಲಗಿರುವಾಗ, ಮುಟ್ಟದೆ, ಹಿಂದೆ ಸ್ವಲ್ಪ ದೂರ ನಿಂತು ಪಕ್ಕೆ ಏರಿಳಿಯುವುದನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ತಂಪು ಹೊತ್ತಿನಲ್ಲಿ ನಿಮಿಷಕ್ಕೆ 30, 40 ಇರುತ್ತದೆ. 60 ದಾಟಿದರೆ ಸೆಕೆ ತಟ್ಟಿದೆ. 80 ದಾಟಿದರೆ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. 100 ಮೀರಿ, ಬಾಯಿ ತೆರೆದು ನಾಲಗೆ ಚಾಚಿದರೆ ಡಾಕ್ಟರಿಗೆ ಫೋನು ಮಾಡಿ. ಅಂದು ಆ ಕೊಟ್ಟಿಗೆಯಲ್ಲಿ ನಾಲ್ಕರಲ್ಲಿ ಹೆಚ್ಚು ಹಾಲಿನ ಹಸುವಿನ ಉಸಿರು 92 ಇತ್ತು.

ಏದುಸಿರಿಗೂ ಡೇರಿಯ ಚೀಟಿಗೂ ನೇರ ಸಂಬಂಧವಿದೆ. ಹಸು ಮೇವು ಕಡಿಮೆ ಮಾಡುವುದು ಒಲೆಯ ಉರಿ ತಗ್ಗಿಸಲು. ಹಾಲಿನ ಇಳಿಕೆಯಲ್ಲಿ ಸುಮಾರು ಅರ್ಧಪಾಲು ಮಾತ್ರ ಈ ಕಡಿಮೆ ಮೇವಿನಿಂದ. ಉಳಿದದ್ದು ಸೆಕೆಯಲ್ಲಿ ಮೈಯ ಒಳಗಿನ ವ್ಯವಹಾರವೇ ಬದಲಾಗುವುದರಿಂದ. ಹಾಗಾಗಿ ಹಿಂಡಿ ಹೆಚ್ಚಿಸಿದರೆ ಹಾಲು ವಾಪಸು ಬರುತ್ತದೆ ಎಂಬ ಲೆಕ್ಕ ಸರಿಹೋಗುವುದಿಲ್ಲ. ಸಾಲದ್ದಕ್ಕೆ, ಜೊಲ್ಲಾಗಿ ಸುರಿದುಹೋಗುವ ಎಂಜಲಿನಲ್ಲಿ ಹೊಟ್ಟೆಯ ಹುಳಿಯನ್ನು ತಡೆಯುವ ಉಪ್ಪಿನಂಶ ಇರುತ್ತದೆ. ಅದು ನೆಲದ ಪಾಲಾಗಿ, ಮೆಲುಕೂ ನಿಂತು, ಹೊಟ್ಟೆ ಹುಳಿಯಾಗಿ ಫ್ಯಾಟ್ ಬೀಳುತ್ತದೆ. ಇಂದಿನ ಸೆಕೆಯ ಪೆಟ್ಟು ಹಾಲಿನಲ್ಲಿ ಪೂರ್ತಿ ಕಾಣುವುದು ಎರಡು ದಿನ ಕಳೆದ ಮೇಲೆ. ಅದಕ್ಕೇ ಎಷ್ಟೋ ಮನೆಯಲ್ಲಿ ಹಾಲು ಇಳಿದ ದಿನ ಹೊಸ ಚೀಲದ ಹಿಂಡಿಯನ್ನು ಬೈಯುತ್ತಾರೆ.

ಗಬ್ಬದ ವಿಷಯದಲ್ಲಿ ನಷ್ಟ ಇನ್ನೂ ನಿಧಾನ, ಇನ್ನೂ ದೊಡ್ಡದು. ಬೇಸಿಗೆಯಲ್ಲಿ ಬೆದೆ ಹಗಲು ಕಾಣುವುದಿಲ್ಲ, ರಾತ್ರಿ ಒಂದೆರಡು ತಾಸು ಮಂಕಾಗಿ ಬಂದುಹೋಗುತ್ತದೆ. ಇಂಜಕ್ಷನ್ ಕೊಡಿಸಿದರೂ ಕಟ್ಟುವುದು ಕಡಿಮೆ, ಕಟ್ಟಿದರೂ ಮೊದಲ ವಾರದಲ್ಲೇ ಭ್ರೂಣ ಕರಗಬಹುದು. ಅಂಡದ ಮೇಲಾದ ಪೆಟ್ಟು ಮಳೆ ಬಿದ್ದ ಮೇಲೂ ಒಂದೂವರೆ ಎರಡು ತಿಂಗಳು ಉಳಿಯುತ್ತದೆ. ನಾನು ಕಂಡಂತೆ ನಮ್ಮ ರೈತರು ಅತ್ಯಂತ ಕಡೆಗಣಿಸುವುದು ಹಾಲು ಬತ್ತಿದ ತುಂಬುಗಬ್ಬದ ಹಸುವನ್ನು. ಹಾಲಿಲ್ಲವಲ್ಲ ಎಂದು ಅದನ್ನು ಬಿಸಿಲಿಗೆ ಕಟ್ಟುತ್ತಾರೆ. ಕರು ಹಾಕುವ ಮುಂಚಿನ ಎರಡು ತಿಂಗಳಲ್ಲಿ ಕೆಚ್ಚಲು ಹೊಸದಾಗಿ ಬೆಳೆಯುತ್ತದೆ. ಆಗ ಸೆಕೆ ತಿಂದ ಹಸು ಮುಂದಿನ ಇಡೀ ಸೂಲಿನಲ್ಲಿ ಕಡಿಮೆ ಹಾಲು ಕೊಡುತ್ತದೆ. ಕೊಟ್ಟಿಗೆಯಲ್ಲಿ ಒಂದೇ ನೆರಳಿನ ಜಾಗವಿದ್ದರೆ ಅದರಲ್ಲಿ ಆಕೆಗೂ ಪಾಲಿರಲಿ.

ಮತ್ತೆ ಮಂಡ್ಯದ ಆ ಕೊಟ್ಟಿಗೆಗೆ ಬರೋಣ. ಅಂದು ಮೊದಲು ಮಾಡಿದ ಕೆಲಸ ಹಸುಗಳನ್ನು ಬಿಚ್ಚಿ ಹೊಂಗೆಮರದ ಕೆಳಗೆ ಕಟ್ಟಿದ್ದು. ಅಲ್ಲಿ 34 ಡಿಗ್ರಿ, 38 ಶೇಕಡ, ಸೂಚ್ಯಂಕ 81 ಚಿಲ್ಲರೆ. ಜೊತೆಗೆ ಬೀಸುಗಾಳಿ, ಮೇಲೆ ಕಾದ ತಗಡಿಲ್ಲ. ಮುಕ್ಕಾಲು ಗಂಟೆಯಲ್ಲಿ ಆ ಹಸುವಿನ ಉಸಿರು 92ರಿಂದ 70ಕ್ಕೆ ಇಳಿಯಿತು. ಎಲೆ ನೀರು ಉಸಿರುವುದರಿಂದ ಮರದ ನೆರಳು ಯಾವ ಶೀಟಿನ ನೆರಳಿಗಿಂತಲೂ ತಂಪು. ಮರವಿದ್ದವರು ಮಧ್ಯಾಹ್ನ ಹಸುವನ್ನು ಕೊಟ್ಟಿಗೆಯಲ್ಲಿ ಕಟ್ಟಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮರುದಿನದಿಂದ ಕೊಟ್ಟಿಗೆಯ ಕೆಲಸ. ಗೋಡೆಗೆ ಕೈಹಾಕಿದೆವು. ಎರಡು ಉದ್ದನೆಯ ಗೋಡೆಗಳಲ್ಲಿ ಮೂರಡಿ ಎತ್ತರದಿಂದ ಮೇಲಿನ ಬ್ಲಾಕುಗಳನ್ನು ತೆಗೆಸಿ, ಎದುರುಬದುರು ಗಾಳಿ ಆಡುವ ಹಾಗೆ ಮಾಡಿದರು. ಕಳ್ಳರ ಭಯಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡರು. ಬಿಸಿಗಾಳಿ ಮೇಲೇರುತ್ತದೆ, ಆದ್ದರಿಂದ ಶೀಟಿನ ನಡುನೆತ್ತಿಯಲ್ಲಿ ಅದು ಹೊರಬೀಳಲು ಒಂದಡಿ ಸಂದು ಬಿಟ್ಟು, ಮಳೆ ಬೀಳದಂತೆ ಮೇಲೊಂದು ಪಟ್ಟಿ ಶೀಟು ಎತ್ತರಿಸಿ ಹೊದಿಸಿದರು. ಹೊಸದಾಗಿ ಕಟ್ಟುವವರಿಗೆ ಇದಕ್ಕಿಂತ ಸುಲಭ: ಉದ್ದ ಪೂರ್ವ ಪಶ್ಚಿಮಕ್ಕಿರಲಿ, ಆಗ ಬಿಸಿಲು ಒಳಗೆ ಹೆಚ್ಚು ನುಗ್ಗುವುದಿಲ್ಲ. ಸೂರಿನ ಅಂಚೇ ಹತ್ತಡಿ ಎತ್ತರವಿರಲಿ. ಗೋಡೆಯ ದುಡ್ಡನ್ನು ಎತ್ತರಕ್ಕೆ ಹಾಕಿ.

ಆಮೇಲೆ ಸೂರು. ಬೇಸಿಗೆಯ ಮಧ್ಯಾಹ್ನ ತಗಡಿನ ಶೀಟು 60 ಡಿಗ್ರಿಯ ಹತ್ತಿರ ಕಾಯುತ್ತದೆ. ಅದರ ಮೇಲೆ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ವಾಪಸು ಹೋಗುತ್ತದೆ. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ವರ್ಷಕ್ಕೊಮ್ಮೆ ಬಳಿಯಲೇಬೇಕು. ಮಂಡ್ಯದಲ್ಲಿ ತೆಂಗಿನ ಗರಿಗೆ ಬರವಿಲ್ಲ. ಆ ಮನೆಯವರು ಶೀಟಿನ ಮೇಲೆ ಅರ್ಧ ಅಡಿ ದಪ್ಪಕ್ಕೆ ಗರಿ ಹೊದಿಸಿ ಹಗ್ಗ ಬಿಗಿದರು. ಗರಿಯ ಕೆಳಗೆ ಕರೆಂಟಿನ ತಂತಿ ಹಾದುಹೋಗದಂತೆ ಮೊದಲೇ ನೋಡಿಕೊಳ್ಳಬೇಕು, ಒಣಗಿದ ಗರಿಗೆ ಒಂದು ಕಿಡಿ ಸಾಕು.

ಗಾಳಿಗೆ ದಾರಿಯಾದ ಮೇಲೆಯೇ ನೀರಿನ ಸರದಿ. ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಒಂದು ಲೀಟರ್ ತಣ್ಣೀರು ಹಸುವಿನ ಮೈಮೇಲೆ ಹರಿದು ಬೆಚ್ಚಗಾಗಿ ನೆಲಕ್ಕೆ ಬಿದ್ದರೆ ಅದು ಒಯ್ಯುವ ಶಾಖ ಎಂಟು ಹತ್ತು ಕಿಲೋಕ್ಯಾಲರಿ. ಅದೇ ಒಂದು ಲೀಟರ್ ಮೈಮೇಲೆಯೇ ಆವಿಯಾದರೆ ಒಯ್ಯುವುದು ಸುಮಾರು 580. ಹಿರಿಯಾಕೆ ಬೆಳಗ್ಗೆಯಿಂದ ಹುಯ್ದ ಬಿಂದಿಗೆಗಟ್ಟಲೆ ನೀರು ಮೊದಲನೆಯ ಲೆಕ್ಕಕ್ಕೆ ಸೇರಿತ್ತು. ನಮಗೆ ಬೇಕಾದದ್ದು ಎರಡನೆಯದು. ಅದಕ್ಕೆ ನೀರು ಕಡಿಮೆ ಸಾಕು, ಗಾಳಿ ಮಾತ್ರ ಜೋರಾಗಿ ಬೇಕು.

ಕ್ರಮ ಹೀಗೆ. ಹಸುವಿನ ಬೆನ್ನು, ಭುಜ, ಪಕ್ಕೆಗೆ ಪೈಪಿನಿಂದ ಒಂದು ನಿಮಿಷ ನೀರು ಬಿಡಬೇಕು. ಕೂದಲು ದಾಟಿ ಚರ್ಮದವರೆಗೆ ನೆನೆಯಬೇಕು, ಕೆಚ್ಚಲಿಗೆ ಹರಿದುಬರುವಷ್ಟು ಸುರಿಯಬಾರದು. ಒದ್ದೆ ಕೆಚ್ಚಲಿನಿಂದ ಕೆಚ್ಚಲು ಬಾವು ಬರುತ್ತದೆ. ನೀರು ನಿಲ್ಲಿಸಿ ಐದಾರು ನಿಮಿಷ ಫ್ಯಾನಿನ ಗಾಳಿ ನೇರ ಬೆನ್ನಿನ ಮೇಲೆ ಬೀಳಬೇಕು. ಮೈ ಒಣಗುತ್ತ ಬಂದಾಗ ಮತ್ತೆ ಒಂದು ನಿಮಿಷ ನೀರು, ಮತ್ತೆ ಗಾಳಿ. ಹೀಗೆ ಅರ್ಧ ಗಂಟೆ. ಇಸ್ರೇಲಿನಲ್ಲಿ 1980ರ ದಶಕದಲ್ಲಿ ಪರೀಕ್ಷೆ ಮಾಡಿ ಬಳಕೆಗೆ ತಂದ ವಿಧಾನದ ಹಳ್ಳಿಯ ರೂಪ ಇದು. ಅಲ್ಲಿ ಅರ್ಧ ನಿಮಿಷ ನೀರು, ನಾಲ್ಕೂವರೆ ನಿಮಿಷ ಗಾಳಿ, ದಿನಕ್ಕೆ ಹಲವು ಸಲ. ಈ ಮನೆಯಲ್ಲಿ ಹನ್ನೊಂದಕ್ಕೆ, ಎರಡಕ್ಕೆ, ಐದಕ್ಕೆ ಎಂದು ಮೂರು ಹೊತ್ತು ಗೊತ್ತು ಮಾಡಿದೆವು. ಸಂಜೆಯದನ್ನು ಬಿಡಬಾರದು, ಏಕೆಂದರೆ ಹಸುವಿನ ಮೈಬಿಸಿ ಏರುವುದು ಹೊತ್ತು ಇಳಿದ ಮೇಲೆಯೇ. ಫ್ಯಾನನ್ನು ಏಳೆಂಟು ಅಡಿ ಎತ್ತರದಲ್ಲಿ, ಹಸುವಿನ ಮೂತಿಗೂ ಪೈಪಿನ ನೀರಿಗೂ ಸಿಗದಂತೆ, ಅರ್ಥಿಂಗ್ ಮಾಡಿಸಿ ತೂಗುಹಾಕಬೇಕು. ಒದ್ದೆ ನೆಲದಲ್ಲಿ ನಿಂತ ಹಸು ನಮಗಿಂತ ಬೇಗ ಶಾಕಿಗೆ ಬಲಿಯಾಗುತ್ತದೆ.

ಅಂಗಡಿಯವರು ಮಾರುವ ಫಾಗರ್ ಬಗ್ಗೆ ಒಂದು ಮಾತು. ಮಂಜಿನಂಥ ಹನಿ ಚಿಮ್ಮಿಸುವ ಈ ಸಾಧನ ತಣಿಸುವುದು ಗಾಳಿಯನ್ನು, ಹಸುವಿನ ಮೈಯನ್ನಲ್ಲ. ಕಲಬುರಗಿ, ರಾಯಚೂರಿನ ಒಣಹವೆಯಲ್ಲಿ, ನಾಲ್ಕೂ ಕಡೆ ತೆರೆದ ಕೊಟ್ಟಿಗೆಯಲ್ಲಿ ಅದು ಒಳ್ಳೆಯದು. ಕರಾವಳಿಯಲ್ಲಿ ಅದು ತೇವಾಂಶ ಏರಿಸಿ ಕೆಡುಕು ಮಾಡುತ್ತದೆ. ಸಣ್ಣ ಹನಿ ಕೂದಲಿನ ತುದಿಯಲ್ಲೇ ಕೂತು ಕಂಬಳಿಯಂತೆ ಬಿಸಿ ತಡೆಯುವುದೂ ಉಂಟು. ತೇವಾಂಶ 70 ದಾಟುವ ಕಡೆ ಫಾಗರಿನ ದುಡ್ಡಿಗೆ ಇನ್ನೊಂದು ಫ್ಯಾನು ತೆಗೆದುಕೊಳ್ಳುವುದು ಮೇಲು.

ಉಳಿದದ್ದು ಮೇವು, ನೀರು. ಮೇವಿನ ಹೆಚ್ಚಿನ ಪಾಲನ್ನು ಸಂಜೆ ಏಳರ ಮೇಲೆ ಮತ್ತು ನಸುಕಿಗೆ ಹಾಕಬೇಕು, ಹೊಟ್ಟೆಯ ಒಲೆ ತಂಪು ಹೊತ್ತಿನಲ್ಲಿ ಉರಿಯಲಿ. ಕುಡಿಯುವ ನೀರು ನೆರಳಿನಲ್ಲಿ, ಸದಾ ಮುಂದಿರಬೇಕು. ಹಾಲಿನ ಹಸು ಬೇಸಿಗೆಯಲ್ಲಿ 80 ಲೀಟರ್ ಕುಡಿದರೂ ಹೆಚ್ಚೇನಲ್ಲ. ಅಡುಗೆ ಸೋಡಾ, ಖನಿಜ ಮಿಶ್ರಣ ಎಷ್ಟು ಎಂಬುದನ್ನು ನಿಮ್ಮ ಡಾಕ್ಟರನ್ನು ಕೇಳಿ ಕೊಡಿ.

ಮೂರನೆಯ ವಾರ ಹೋದಾಗ ಮಧ್ಯಾಹ್ನ ಎರಡೂವರೆಗೆ ಅದೇ ಹಸುವಿನ ಉಸಿರು 58. ಮಲಗಿ ಮೆಲುಕು ಹಾಕುತ್ತಿತ್ತು. ಹಾಲು ಮೊದಲ ಎರಡು ಮೂರು ದಿನ ಏರಲೇ ಇಲ್ಲ, ಆಮೇಲೆ ನಿಧಾನಕ್ಕೆ ಏರಿತು. ಫೆಬ್ರವರಿಯಲ್ಲಿದ್ದಷ್ಟಕ್ಕೆ ಪೂರ್ತಿ ಮರಳಲಿಲ್ಲ. ಅಷ್ಟನ್ನು ನಿರೀಕ್ಷಿಸಲೂಬಾರದು, ಇಳಿದ ಹಾಲು ಆ ಸೂಲಿನಲ್ಲಿ ಪೂರ್ತಿ ಏರುವುದು ಅಪರೂಪ.

"ನಮ್ಮ ಹಳ್ಳಿಕಾರ್ ಹಸ ಇದ್ದಾಗ ಇದೆಲ್ಲ ಇರ್ಲಿಲ್ಲ" ಎಂದರು ಹಿರಿಯಾಕೆ. ಅದು ನಿಜ. ನಾಡಹಸುವಿನ ಮೈಯಲ್ಲಿ ಹುಟ್ಟುವ ಶಾಖವೇ ಕಡಿಮೆ, ಕೂದಲು ನಯ, ಚರ್ಮ ಸಡಿಲ, ಬೆವರು ಚೆನ್ನ. ಹಳ್ಳಿಕಾರ್, ಮಲೆನಾಡು ಗಿಡ್ಡ ತಳಿಗಳು ಈ ಸೂಚ್ಯಂಕದ ಗಡಿಗಳನ್ನು ಸಲೀಸಾಗಿ ದಾಟುತ್ತವೆ. ಎಮ್ಮೆಯ ಕಥೆ ಬೇರೆ. ಕಪ್ಪು ಚರ್ಮ, ವಿರಳ ಕೂದಲು, ಬೆವರು ಗ್ರಂಥಿ ಬಹಳ ಕಡಿಮೆ. ಅದಕ್ಕೆ ಕೆರೆ ಬೇಕು, ಕೆರೆಯಿಲ್ಲದಿದ್ದರೆ ದಿನಕ್ಕೆರಡು ಸಲ ಪೈಪಿನ ನೀರು ಬೇಕೇ ಬೇಕು.

ಕೋಳಿಗೆ ಬೆವರೇ ಇಲ್ಲ. ಅದರ ಮೈಬಿಸಿ 41 ಡಿಗ್ರಿಯ ಮೇಲೆ, ಮೈತುಂಬ ಗರಿಯ ಹೊದಿಕೆ, ಬಿಸಿ ಇಳಿಸಲು ಇರುವುದು ಜುಟ್ಟು, ಗಲ್ಲ, ಕಾಲು ಮತ್ತು ಬಾಯಿ. ಎರಡು ಕಿಲೋ ತೂಗುವ ಬ್ರಾಯ್ಲರ್ ಹಕ್ಕಿ ಸುಮಾರು ಹತ್ತು ವ್ಯಾಟ್ ಶಾಖ ಹೊರಹಾಕುತ್ತದೆ. ಸಾವಿರ ಹಕ್ಕಿಯ ಶೆಡ್ಡೆಂದರೆ ಹತ್ತು ಇಸ್ತ್ರಿಪೆಟ್ಟಿಗೆ. ಹಸುವಿನ ಸೂಚ್ಯಂಕದ ಗಡಿಗಳು ಕೋಳಿಗೆ ಹೊಂದುವುದಿಲ್ಲ. ಫಾರಂನವರು ಬಳಸುವ ಒರಟು ಲೆಕ್ಕವೊಂದಿದೆ: ಫ್ಯಾರನ್‌ಹೀಟ್ ತಾಪಮಾನಕ್ಕೆ ತೇವಾಂಶದ ಶೇಕಡ ಕೂಡಿಸಿ, ಮೊತ್ತ 160 ದಾಟಿದರೆ ಎಚ್ಚರ. 32 ಡಿಗ್ರಿ ಸೆಲ್ಸಿಯಸ್ ಎಂದರೆ ಸುಮಾರು 90 ಫ್ಯಾರನ್‌ಹೀಟ್, ಕರಾವಳಿಯ 75 ಶೇಕಡ ಸೇರಿದರೆ 165. ಒಣಹವೆಯ ಊರಿನಲ್ಲಿ ಈ ಮೊತ್ತವನ್ನು ನಂಬಿ ಕೂರಬಾರದು. ಅಲ್ಲಿ 38, 40 ಡಿಗ್ರಿಯಾದರೆ ತೇವಾಂಶ ಎಷ್ಟೇ ಕಡಿಮೆಯಿರಲಿ ಹಕ್ಕಿಗೆ ಕಷ್ಟವೇ.

ಕೋಳಿಯೂ ಮೊದಲು ಮಾತಾಡುವುದು ಉಸಿರಿನಲ್ಲೇ. ಕೊಕ್ಕು ತೆರೆದು ಗಂಟಲು ಅದುರಿಸುತ್ತದೆ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಲ್ಲುತ್ತದೆ, ಗೋಡೆಯ ಬದಿಯ ತಂಪು ನೆಲಕ್ಕೆ ಸರಿಯುತ್ತದೆ. ಈ ಏದುಸಿರಿನಿಂದಲೇ ಮೊಟ್ಟೆಯ ಸಿಪ್ಪೆ ತೆಳುವಾಗುತ್ತದೆ. ಜೋರಾಗಿ ಉಸಿರು ಬಿಟ್ಟಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಸಿಪ್ಪೆಯೆಂಬುದು ಕ್ಯಾಲ್ಸಿಯಂ ಕಾರ್ಬೊನೇಟ್, ಅದರ ಕಾರ್ಬೊನೇಟ್ ಬರಬೇಕಾದದ್ದು ಅಲ್ಲಿಂದಲೇ. ಏಪ್ರಿಲ್‌ನಲ್ಲಿ ಟ್ರೇಯ ಮೊಟ್ಟೆ ಮುಟ್ಟಿದರೆ ಒಡೆಯುವುದಕ್ಕೆ ಚಿಪ್ಪಿನ ಪುಡಿ ಕಡಿಮೆಯಾದದ್ದೊಂದೇ ಕಾರಣವಲ್ಲ.

ಬ್ರಾಯ್ಲರಿನಲ್ಲಿ ನಷ್ಟ ಕಣ್ಣಿಗೆ ರಾಚುತ್ತದೆ. ಸಾಯುವುದು ಮಾರಾಟಕ್ಕೆ ಎರಡು ಮೂರು ದಿನ ಉಳಿದ, ತೂಕ ಬಂದ ಹಕ್ಕಿಗಳೇ. ಹೊತ್ತೂ ಹೆಚ್ಚುಕಡಿಮೆ ಒಂದೇ, ಮಧ್ಯಾಹ್ನ ಎರಡರಿಂದ ಸಂಜೆ ಆರರೊಳಗೆ. ಬಿಸಿಲು ನಿಧಾನಕ್ಕೆ ಏರಿದರೆ ಐದಾರು ದಿನದಲ್ಲಿ ಹಕ್ಕಿ ಒಗ್ಗಿಕೊಳ್ಳುತ್ತದೆ. ಮೋಡ ಕವಿದು ತಂಪಾಗಿದ್ದು ಒಮ್ಮೆಲೇ 39ಕ್ಕೆ ಹಾರಿದ ದಿನವೇ ಶೆಡ್ಡು ಖಾಲಿಯಾಗುವುದು.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಗಡಿಯಾರದ್ದು. ತಿಂದ ಆಹಾರದ ಶಾಖ ಏರುವುದು ಮೂರು ನಾಲ್ಕು ತಾಸಿನ ಮೇಲೆ. ಹನ್ನೆರಡಕ್ಕೆ ತಿಂದದ್ದು ಸರಿಯಾಗಿ ಕೆಟ್ಟ ಹೊತ್ತಿಗೆ ಒಲೆಗೆ ಸೌದೆಯಾಗುತ್ತದೆ. ಆದ್ದರಿಂದ ಫೀಡರುಗಳನ್ನು ಬೆಳಗ್ಗೆ ಹತ್ತರೊಳಗೆ ಮೇಲೆತ್ತಿ ಸಂಜೆ ಐದಕ್ಕೆ ಇಳಿಸಬೇಕು, ಕೊರತೆಯನ್ನು ನಸುಕಿನಲ್ಲಿ ಮತ್ತು ರಾತ್ರಿ ದೀಪ ಹಾಕಿ ತುಂಬಬೇಕು. ಮಧ್ಯಾಹ್ನ ಎರಡಕ್ಕೆ ಹಕ್ಕಿ ಬಿದ್ದಾಗ ಒಳನುಗ್ಗಿ ಫೀಡರ್ ಎತ್ತಲು ಹೋದರೆ ಗಾಬರಿಗೆ ಇನ್ನಷ್ಟು ಬೀಳುತ್ತವೆ.

ಇನ್ನೊಂದು ತಪ್ಪು ನೀರಿನ ಟ್ಯಾಂಕಿನದು. ಚಾವಣಿಯ ಮೇಲಿನ ಕಪ್ಪು ಟ್ಯಾಂಕು, ಬಿಸಿಲಲ್ಲಿ ಹಾದುಬರುವ ಪೈಪು. ನಿಪ್ಪಲ್ ಒತ್ತಿದರೆ ಬರುವುದು ಸ್ನಾನದ ನೀರು. ಹಕ್ಕಿ ಅದನ್ನು ಕುಡಿಯುವುದಿಲ್ಲ. ಬೇಸಿಗೆಯಲ್ಲಿ ತಿಂದದ್ದರ ನಾಲ್ಕರಷ್ಟು ಕುಡಿಯಬೇಕಾದ ಜೀವ ಬಾಯಾರಿ ನಿಲ್ಲುತ್ತದೆ. ಟ್ಯಾಂಕಿಗೆ ಗೋಣಿಚೀಲ ಸುತ್ತಿ ನೆನೆಸಿಡಿ, ಮೇಲೊಂದು ಗರಿಯ ಚಪ್ಪರ ಹಾಕಿ, ಪೈಪನ್ನು ಮಣ್ಣಿನಲ್ಲಿ ಹೂಳಿ, ಮಧ್ಯಾಹ್ನ ಎರಡು ಸಲ ಪೈಪಿನ ಬಿಸಿನೀರನ್ನು ಹೊರಗೆ ಬಿಡಿ. ನಿಪ್ಪಲ್‌ನ ನೀರನ್ನು ದಿನವೂ ನೀವೇ ಕೈಗೆ ಬಿಟ್ಟುಕೊಂಡು ನೋಡಿ. ಕೈಗೆ ಬೆಚ್ಚಗಿದ್ದರೆ ಹಕ್ಕಿಗೆ ಅದು ನೀರಲ್ಲ. ಎಲೆಕ್ಟ್ರೊಲೈಟ್, ವಿಟಮಿನ್ ಸಿ ಪುಡಿಗಳ ಗುಣ ಆಮೇಲಿನ ಮಾತು, ಕುಡಿಯದ ನೀರಿನಲ್ಲಿ ಬೆರೆಸಿದ ಪುಡಿಯಿಂದ ಏನೂ ಆಗದು.

ಶೆಡ್ಡಿಗೆ ಹಸುವಿನ ಕೊಟ್ಟಿಗೆಯ ನ್ಯಾಯವೇ: ಚಾವಣಿಗೆ ಸುಣ್ಣ ಅಥವಾ ಗರಿ, ಮೇಲೆ ಸ್ಪ್ರಿಂಕ್ಲರ್ ಇದ್ದರೆ ಹನ್ನೊಂದರಿಂದ ನಾಲ್ಕರವರೆಗೆ. ತೆರೆದ ಬದಿಗೆ ಒದ್ದೆ ಗೋಣಿಪರದೆ ಕಟ್ಟುವವರು ಅದರ ಹಿಂದಿನಿಂದ ಗಾಳಿ ನುಗ್ಗುತ್ತಿದೆಯೇ ನೋಡಬೇಕು. ಗಾಳಿ ನಿಂತ ದಿನ ಅದೇ ಪರದೆ ಮಂಡ್ಯದ ಆ ಮೂರು ಗೋಡೆಯಾಗುತ್ತದೆ. ಬೇಸಿಗೆಯ ಬ್ಯಾಚಿಗೆ ಮರಿಗಳನ್ನೇ ಕಡಿಮೆ ಬಿಡಿ. ಚಳಿಗಾಲದಲ್ಲಿ ಹಕ್ಕಿಗೆ ಒಂದು ಚದರಡಿ ಕೊಡುವವರು ಈಗ ಒಂದೂಕಾಲು ಕೊಡಲಿ, ಹೊಟ್ಟಿನ ಹಾಸು ಎರಡು ಅಂಗುಲಕ್ಕೆ ಇಳಿಯಲಿ.

ಆ ಹಿರಿಯಾಕೆಯ ಕೊಟ್ಟಿಗೆಯ ಕಂಬದ ಮೇಲೆ ಈಗ ಇದ್ದಿಲಿನಲ್ಲಿ ಬರೆದ ಸಂಖ್ಯೆಗಳ ಸಾಲಿದೆ. ಮೊಮ್ಮಗಳು ಮಧ್ಯಾಹ್ನ ಎರಡಕ್ಕೆ ಪಕ್ಕೆ ಎಣಿಸಿ ಬರೆಯುತ್ತಾಳೆ. 60ರ ಮೇಲೆ ಬಂದ ದಿನ ಫ್ಯಾನು ಬೇಗ ಹಾಕುತ್ತಾರೆ. ನಿಮ್ಮ ಕೊಟ್ಟಿಗೆಯಲ್ಲೂ ಈ ಎಣಿಕೆಯನ್ನು ಇವತ್ತೇ ಶುರುಮಾಡಿ, ಅದಕ್ಕೆ ಕಾಸು ಬೇಡ. ಗರಿ ಹೊದಿಸುವುದು, ಗೋಡೆ ತೆಗೆಯುವುದು, ಸುಣ್ಣ ಬಳಿಯುವುದು ಮಾತ್ರ ಶಿವರಾತ್ರಿಯೊಳಗೆ ಮುಗಿದಿರಲಿ. ಯುಗಾದಿಯ ಹೊತ್ತಿಗೆ ಸೂಚ್ಯಂಕ ಎಂಬತ್ತು ದಾಟಿರುತ್ತದೆ.